ಗಡುವು ಮೀರಿದಾಗ ಬರೆಯುವ ಸಿಟ್ಟಿನ ಸಂದೇಶ: ಕಳುಹಿಸುವ ಮುನ್ನ ತಿದ್ದುವ ಕ್ರಮ

ನಮ್ಮ ಸಹಕಾರ ಸಂಘದ ಐವತ್ತನೇ ವರ್ಷದ ಸ್ಮರಣ ಸಂಚಿಕೆಯ ಹೊಣೆ ನನ್ನ ಮೇಲಿತ್ತು. ಒಟ್ಟು 112 ಪುಟ, ಮುದ್ರಣದ ಲೆಕ್ಕದಲ್ಲಿ ಹದಿನಾರು ಪುಟಗಳ ಏಳು ಫಾರಂ. ಸಮಾರಂಭ ನವೆಂಬರ್ 23ರ ಭಾನುವಾರ. ಡಿ.ಟಿ.ಪಿ. ಮಾಡುವವರು 5ನೇ ತಾರೀಖಿಗೆ ಎಲ್ಲ ಪುಟಗಳನ್ನೂ ಕೊಡಬೇಕಿತ್ತು. 7ರ ರಾತ್ರಿ ಒಂಬತ್ತಾದರೂ ಮೂರು ಫಾರಂ, ಅಂದರೆ 48 ಪುಟಗಳು ಬಂದಿರಲಿಲ್ಲ. ಆ ಹೊತ್ತಿನಲ್ಲಿ ನಾನು ಮೊಬೈಲಿನಲ್ಲಿ ಬರೆದ ಸಂದೇಶ ಇದು:

> ತಮ್ಮಂಥ ದೊಡ್ಡವರಿಗೆ ನಮ್ಮ ಸಣ್ಣ ಕೆಲಸ ನೆನಪಿರುವುದೇ ಹೆಚ್ಚು. ಬುಧವಾರ ಕೊಡುತ್ತೇನೆ ಎಂದವರು ನೀವೇ. ಯಾವ ತಿಂಗಳ ಬುಧವಾರ ಎಂದು ಕೇಳಲು ನಾನು ಮರೆತೆ. ಯಾವಾಗಲೂ ಇದೇ ಕಥೆ. ಎಷ್ಟು ಸಲ ಫೋನ್ ಮಾಡಿದರೂ ಎತ್ತುವುದೇ ಇಲ್ಲ, ಒಂದು ಮೆಸೇಜ್ ಕೂಡ ಇಲ್ಲ. ಸಮಾರಂಭ ಮುಗಿದ ಮೇಲೆ ಪುಸ್ತಕ ಬಂದರೆ ಅದನ್ನು ಯಾರಿಗೆ ಹಂಚುವುದು? ದಯವಿಟ್ಟು ಇನ್ನಾದರೂ ಸ್ವಲ್ಪ ಜವಾಬ್ದಾರಿಯಿಂದ ನಡೆದುಕೊಳ್ಳಿ.

ಇದನ್ನು ನಾನು ಕಳುಹಿಸಲಿಲ್ಲ. ಸುಮಾರು ನಲವತ್ತು ನಿಮಿಷ ತೆಗೆದುಕೊಂಡು ಬೇರೆಯದನ್ನು ಬರೆದೆ. ಆ ನಲವತ್ತು ನಿಮಿಷಗಳಲ್ಲಿ ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು: ಕಳುಹಿಸಲು ಆಗದ ಜಾಗದಲ್ಲಿ ಬರೆಯಿರಿ

ಸಿಟ್ಟಿನ ಕರಡನ್ನು ಬರೆಯಲೇಬೇಡಿ ಎಂದು ನಾನು ಹೇಳುವುದಿಲ್ಲ. ಬರೆದರೆ ಒಳ್ಳೆಯದೇ, ಏಕೆಂದರೆ ನಮ್ಮನ್ನು ನಿಜವಾಗಿ ಕಾಡುತ್ತಿರುವುದು ಏನು ಎಂಬುದು ಅದರಲ್ಲಿ ಹೊರಬರುತ್ತದೆ. ಆದರೆ ಆ ವ್ಯಕ್ತಿಯ ಚಾಟ್ ಪೆಟ್ಟಿಗೆಯಲ್ಲಿ ಬರೆಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಸ್ವಂತ ಸಂಖ್ಯೆಗೆ ನೀವೇ ಸಂದೇಶ ಕಳುಹಿಸಿಕೊಳ್ಳುವ ಸೌಲಭ್ಯವಿದೆ, ಅಲ್ಲಿ ಬರೆಯಿರಿ. ಇಲ್ಲವೇ ಕಾಗದ ಹಿಡಿಯಿರಿ. ಇಮೇಲ್ ಆದರೆ ವಿಳಾಸದ ಜಾಗವನ್ನು ಖಾಲಿ ಬಿಟ್ಟು ಬರೆಯಿರಿ.

ಕಳುಹಿಸಿದ ಮೇಲೆ ಹಿಂದಕ್ಕೆ ಪಡೆಯಬಹುದಲ್ಲ ಎಂಬ ನಂಬಿಕೆ ಬೇಡ. ವಾಟ್ಸ್‌ಆ್ಯಪ್ ಸಂದೇಶವನ್ನು ಕಳುಹಿಸಿದ 15 ನಿಮಿಷಗಳೊಳಗೆ ತಿದ್ದಬಹುದು, ಆದರೆ ತಿದ್ದಿದ್ದಾರೆ ಎಂಬ ಗುರುತು ಅದರ ಮೇಲೆ ಉಳಿಯುತ್ತದೆ. ಅಳಿಸಿದರೆ ಅಳಿಸಿದ್ದಾರೆ ಎಂಬ ಸಾಲು ಉಳಿಯುತ್ತದೆ. ಅಷ್ಟರೊಳಗೆ ಅವರ ಮೊಬೈಲಿನ ಪರದೆಯ ಮೇಲೆ ಮೊದಲ ಎರಡು ಸಾಲು ಕಾಣಿಸಿರುತ್ತದೆ. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ತಡೆಯಲು ಸಿಗುವ ಸಮಯ ಹೆಚ್ಚೆಂದರೆ 30 ಸೆಕೆಂಡು. ಸಿಟ್ಟು ಇಳಿಯಲು ಅದು ಸಾಲುವುದಿಲ್ಲ.

ಎರಡನೆಯದು: ಪ್ರತಿ ವಾಕ್ಯವನ್ನೂ ದಾಖಲೆಯ ಎದುರು ಇಟ್ಟು ನೋಡಿ

ಹೆಚ್ಚಿನ ಸಮಯವನ್ನು ಈ ಹಂತಕ್ಕೇ ಕೊಡಬೇಕು. ಬಹಳ ಜನ ಇದನ್ನು ಬಿಟ್ಟು ನೇರವಾಗಿ ಪದಗಳನ್ನು ಮೃದು ಮಾಡಲು ಹೊರಡುತ್ತಾರೆ. ಹಾಗೆ ಮಾಡಿದರೆ ತಪ್ಪು ಮಾಹಿತಿಯನ್ನೇ ಸಭ್ಯವಾಗಿ ಹೇಳಿದಂತಾಗುತ್ತದೆ.

ಕರಡಿನ ಒಂದೊಂದು ವಾಕ್ಯವನ್ನೂ ಹಿಡಿದು, ಇದನ್ನು ನಾನು ಯಾವ ಸಂದೇಶದಿಂದ, ಯಾವ ತಾರೀಖಿನಿಂದ, ಯಾವ ಎಣಿಕೆಯಿಂದ ತೋರಿಸಬಲ್ಲೆ ಎಂದು ಕೇಳಿಕೊಳ್ಳಿ. ನನ್ನ ಕರಡಿನಲ್ಲಿ ಹೀಗಾಯಿತು.

‘ಎಷ್ಟು ಸಲ ಫೋನ್ ಮಾಡಿದರೂ’ ಎಂದು ಬರೆದಿದ್ದೆ. ಕರೆಗಳ ಪಟ್ಟಿ ತೆಗೆದು ನೋಡಿದರೆ ಎರಡೇ ಕರೆ. ಗುರುವಾರ ಬೆಳಿಗ್ಗೆ ಒಂದು, ಶುಕ್ರವಾರ ಸಂಜೆ ಒಂದು. ಮನಸ್ಸಿನಲ್ಲಿ ಹತ್ತು ಸಲ ಮಾಡಿದಂತಿತ್ತು, ಏಕೆಂದರೆ ಮಾಡಬೇಕೆಂದು ಹತ್ತು ಸಲ ಅಂದುಕೊಂಡಿದ್ದೆ.

‘ಯಾವಾಗಲೂ ಇದೇ ಕಥೆ’ ಎಂದು ಬರೆದಿದ್ದೆ. ಮೊದಲ ನಾಲ್ಕು ಫಾರಂ, ಅಂದರೆ 64 ಪುಟಗಳು, 4ನೇ ತಾರೀಖಿಗೆ ಬಂದಿದ್ದವು. ಗಡುವಿಗಿಂತ ಒಂದು ದಿನ ಮೊದಲು. ಹಾಗಾದರೆ ‘ಯಾವಾಗಲೂ’ ಎಂಬ ಮಾತು ಸುಳ್ಳು.

‘ಬುಧವಾರ ಕೊಡುತ್ತೇನೆ ಎಂದವರು ನೀವೇ’ ಎಂಬುದನ್ನು ಪರೀಕ್ಷಿಸಲು ಹಳೆಯ ಸಂದೇಶಗಳನ್ನು ಹುಡುಕಿದೆ. ಅಕ್ಟೋಬರ್ 27ರಂದು ಅವರು ಬರೆದಿದ್ದು ಇಷ್ಟು: ‘ಆಗಲಿ ಮೇಡಂ. ಫೋಟೋ ಶೀರ್ಷಿಕೆಗಳು 2ಕ್ಕೆ ಸಿಕ್ಕರೆ 5ನೇ ತಾರೀಖು ಬುಧವಾರಕ್ಕೆ ಎಲ್ಲ ಪುಟಗಳನ್ನೂ ಕೊಡುತ್ತೇನೆ.’ ಆ ‘ಸಿಕ್ಕರೆ’ ನನ್ನ ನೆನಪಿನಿಂದ ಜಾರಿಹೋಗಿತ್ತು. ಶೀರ್ಷಿಕೆಗಳ ಪಟ್ಟಿಯನ್ನು ನಾನು ಕಳುಹಿಸಿದ್ದು 4ರ ರಾತ್ರಿ 9.40ಕ್ಕೆ. ಎರಡು ದಿನ ತಡ.

ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಆದರೆ ಆ ನಾಚಿಕೆಯಲ್ಲಿ ಎಲ್ಲವನ್ನೂ ಕೈಬಿಡುವುದೂ ತಪ್ಪು. ಶೀರ್ಷಿಕೆಗಳಿಗಾಗಿ ಕಾಯಬೇಕಿದ್ದದ್ದು ಕೊನೆಯ ಫಾರಂ ಒಂದೇ, 97ರಿಂದ 112ರವರೆಗಿನ ಫೋಟೋ ಪುಟಗಳು. 65ರಿಂದ 96ರವರೆಗಿನ 32 ಪುಟಗಳಿಗೆ ನನ್ನಿಂದ ಏನೂ ಬರಬೇಕಿರಲಿಲ್ಲ. ಆದ್ದರಿಂದ ನಿಜ ಸಂಗತಿ ಹೀಗೆ ನಿಂತಿತು: 32 ಪುಟಗಳು ಎರಡು ದಿನ ತಡವಾಗಿವೆ, 16 ಪುಟಗಳ ವಿಳಂಬದಲ್ಲಿ ನನ್ನ ಪಾಲೂ ಇದೆ. ಸಿಟ್ಟಿನ ಕರಡಿನಲ್ಲಿ ಈ ವಿಂಗಡಣೆ ಎಲ್ಲಿಯೂ ಇರಲಿಲ್ಲ.

ದಾಖಲೆ ನೋಡುವಾಗ ಗಡುವನ್ನು ಹೇಳಿದ ಮಾತನ್ನೇ ಒಮ್ಮೆ ಅನುಮಾನದಿಂದ ಓದಿ. ಕನ್ನಡದಲ್ಲಿ ‘ಬುಧವಾರದೊಳಗೆ’ ಎಂದರೆ ಕೆಲವರಿಗೆ ಬುಧವಾರ ರಾತ್ರಿಯವರೆಗೆ, ಕೆಲವರಿಗೆ ಮಂಗಳವಾರ ಮುಗಿಯುವುದರೊಳಗೆ. ಸೋಮವಾರ ಕುಳಿತು ‘ಮುಂದಿನ ಬುಧವಾರ’ ಎಂದರೆ ನಾಡಿದ್ದೂ ಆಗಬಹುದು, ಅದರ ಮುಂದಿನ ವಾರವೂ ಆಗಬಹುದು. ಗಡುವಿನ ಮಾತು ಹೀಗೆ ಎರಡರ್ಥಕ್ಕೆ ಎಡೆ ಮಾಡಿಕೊಟ್ಟಿದ್ದರೆ, ತಡವಾಯಿತು ಎಂದು ಬರೆಯುವ ಬದಲು ‘ನಾನು 5ನೇ ತಾರೀಖು ಎಂದು ತಿಳಿದಿದ್ದೆ, ನೀವು ಯಾವ ದಿನ ಎಂದುಕೊಂಡಿದ್ದಿರಿ?’ ಎಂದು ಕೇಳುವುದೇ ಸರಿ.

ಮೂರನೆಯದು: ಮುಂದಿನ ದಿನದಿಂದ ಹಿಂದಕ್ಕೆ ಎಣಿಸಿ

ಸಿಟ್ಟು ಹಿಂದಿನದನ್ನು ಹೇಳುತ್ತದೆ. ಕೆಲಸಕ್ಕೆ ಬೇಕಾಗಿರುವುದು ಮುಂದಿನ ತಾರೀಖು. ಅದನ್ನು ಊಹೆಯಿಂದ ‘ಕೂಡಲೇ’, ‘ಆದಷ್ಟು ಬೇಗ’ ಎಂದು ಬರೆದರೆ ಕೇಳಿದವರಿಗೆ ಯಾವಾಗ ಎಂದು ಗೊತ್ತಾಗುವುದಿಲ್ಲ, ಒತ್ತಡ ಮಾತ್ರ ಗೊತ್ತಾಗುತ್ತದೆ.

ನಾನು ಲೆಕ್ಕ ಹಾಕಿದ್ದು ಹೀಗೆ. ಸಮಾರಂಭ 23ರ ಭಾನುವಾರ, ಪುಸ್ತಕದ ಕಟ್ಟುಗಳು 21ರ ಶುಕ್ರವಾರ ಕೈಗೆ ಬರಬೇಕು. ಮುದ್ರಣ, ಹೊಲಿಗೆ, ರಕ್ಷಾಪುಟ ಎಲ್ಲ ಸೇರಿ ಪ್ರೆಸ್‌ನವರು ಕೇಳಿದ್ದು ಏಳು ದಿನ, ಆದ್ದರಿಂದ ಕಡತ 14ರ ಬೆಳಿಗ್ಗೆ ಅವರಿಗೆ ತಲುಪಬೇಕು. ತಿದ್ದುಪಡಿಗಳನ್ನು ಸೇರಿಸಲು 13ನೇ ತಾರೀಖು. ಕರಡು ತಿದ್ದುವವರಿಗೆ 11 ಮತ್ತು 12. ಹಾಗಾದರೆ ಪುಟಗಳು ಬರಲು ಕೊನೆಯ ಹೊತ್ತು 10ರ ಸೋಮವಾರ ಸಂಜೆ.

ಈ ಲೆಕ್ಕ ಮುಗಿದ ಮೇಲೆ ನನ್ನ ಎದೆಬಡಿತ ನಿಜಕ್ಕೂ ಇಳಿಯಿತು. ಇನ್ನೂ ಮೂರು ದಿನ ಇತ್ತು. ಗಡುವು ಮೀರಿತ್ತು, ಪುಸ್ತಕ ಕೈತಪ್ಪಿರಲಿಲ್ಲ. ಲೆಕ್ಕ ಬೇರೆ ರೀತಿ ಬಂದಿದ್ದರೆ, ಅಂದರೆ ಅವಕಾಶ ಉಳಿದಿಲ್ಲ ಎಂದು ತೋರಿದ್ದರೆ, ಸಂದೇಶದ ಕೋರಿಕೆಯೇ ಬದಲಾಗುತ್ತಿತ್ತು. ಆಗ ಎರಡು ಫಾರಂ ಕಡಿಮೆ ಮಾಡಿ ಅಚ್ಚು ಹಾಕೋಣವೇ, ಫೋಟೋ ಪುಟಗಳನ್ನು ಕೈಬಿಡೋಣವೇ ಎಂದು ಕೇಳಬೇಕಾಗುತ್ತಿತ್ತು. ಸಂದೇಶ ಬರೆಯುವ ಮೊದಲೇ ಈ ಎಣಿಕೆ ಆಗಬೇಕು ಎನ್ನುವುದು ಇದಕ್ಕಾಗಿಯೇ.

ನಾಲ್ಕನೆಯದು: ಮುಳ್ಳುಗಳನ್ನು ಗುರುತಿಸಿ ತೆಗೆಯಿರಿ

ಬೈಗುಳ ಕಣ್ಣಿಗೆ ಬೀಳುತ್ತದೆ, ಅದನ್ನು ತೆಗೆಯುವುದು ಸುಲಭ. ಕನ್ನಡದ ಕೊಂಕು ಮಾತ್ರ ಒಳ್ಳೆಯ ಬಟ್ಟೆ ತೊಟ್ಟುಕೊಂಡು ಬರುತ್ತದೆ. ಅದು ಸಾಮಾನ್ಯವಾಗಿ ಅಡಗಿರುವ ಜಾಗಗಳನ್ನು ತಿಳಿದಿದ್ದರೆ ಹುಡುಕಲು ಸಾಧ್ಯ.

ಒಂದು, ಇದ್ದಕ್ಕಿದ್ದಂತೆ ಏರಿದ ಗೌರವ. ದಿನವೂ ‘ನೀವು’ ಎನ್ನುವವರಿಗೆ ಇವತ್ತು ‘ತಾವು’, ‘ತಮ್ಮಂಥವರು’, ‘ದೊಡ್ಡವರು’ ಎಂದರೆ ಅದು ಗೌರವವಲ್ಲ ಎಂದು ಇಬ್ಬರಿಗೂ ಗೊತ್ತಾಗುತ್ತದೆ. ನಿನ್ನೆಯವರೆಗೆ ಹೇಗೆ ಕರೆಯುತ್ತಿದ್ದಿರೋ ಇವತ್ತೂ ಹಾಗೆಯೇ ಕರೆಯಿರಿ. ಕೆಳಕ್ಕೆ ಇಳಿಯುವುದೂ ಇದರ ಇನ್ನೊಂದು ಮುಖ. ‘ಅಣ್ಣಾ’ ಎನ್ನುತ್ತಿದ್ದವರನ್ನು ತಟ್ಟನೆ ಬರಿಯ ಹೆಸರಿನಿಂದ ಕರೆದರೆ ಉಳಿದ ಸಂದೇಶವನ್ನು ಅವರು ಓದುವುದೇ ಬೇರೆ ಮನಸ್ಸಿನಿಂದ.

ಎರಡು, ಒತ್ತು ಕೊಡುವ ‘ಏ’ ಮತ್ತು ‘ಕೂಡ’. ‘ಫೋನ್ ಎತ್ತಲಿಲ್ಲ’ ಎನ್ನುವುದು ಸಂಗತಿ, ‘ಎತ್ತುವುದೇ ಇಲ್ಲ’ ಎನ್ನುವುದು ಆರೋಪ. ‘ನೀವು ಹೇಳಿದ್ದು’ ಎಂಬುದಕ್ಕೂ ‘ನೀವೇ ಹೇಳಿದ್ದು’ ಎಂಬುದಕ್ಕೂ ನಡುವೆ ಒಂದೇ ಅಕ್ಷರದ ಅಂತರ, ಆದರೆ ಎರಡನೆಯದರಲ್ಲಿ ಬೆರಳು ಚಾಚಿದೆ. ‘ಒಂದು ಮೆಸೇಜ್ ಕೂಡ ಇಲ್ಲ’ ಎಂಬಲ್ಲಿ ‘ಕೂಡ’ ತೆಗೆದು ಓದಿ, ಧ್ವನಿ ಹೇಗೆ ಇಳಿಯುತ್ತದೆ ಎಂದು ತಿಳಿಯುತ್ತದೆ. ಕರಡನ್ನು ಒಮ್ಮೆ ಈ ಅಕ್ಷರಗಳನ್ನು ಹುಡುಕುವುದಕ್ಕಾಗಿಯೇ ಓದುವುದು ನನ್ನ ರೂಢಿ.

ಮೂರು, ಕಾಲವನ್ನು ಹಿಂಡುವ ಪದಗಳು: ‘ಇನ್ನಾದರೂ’, ‘ಕೊನೆಗೂ’, ‘ಮತ್ತೊಮ್ಮೆ’, ‘ಇನ್ನೂ’. ಇವುಗಳ ಜಾಗದಲ್ಲಿ ತಾರೀಖನ್ನೋ ಗಂಟೆಯನ್ನೋ ಬರೆಯಿರಿ. ‘ಇನ್ನೂ ಬಂದಿಲ್ಲ’ ಎನ್ನುವುದನ್ನು ‘ಇಂದು ರಾತ್ರಿ 9ರವರೆಗೆ ಬಂದಿಲ್ಲ’ ಎಂದು ಮಾಡಿದರೆ ಅದು ಮಾಹಿತಿಯಾಗುತ್ತದೆ. ‘ದಯವಿಟ್ಟು’ ಎಂಬ ಒಳ್ಳೆಯ ಪದವೂ ‘ಇನ್ನಾದರೂ’ ಜೊತೆ ಸೇರಿದರೆ ಚುಚ್ಚುತ್ತದೆ.

ನಾಲ್ಕು, ಉತ್ತರ ಬೇಡದ ಪ್ರಶ್ನೆ. ‘ಯಾರಿಗೆ ಹಂಚುವುದು?’ ಎಂದು ನಾನು ಕೇಳಿದ್ದಕ್ಕೆ ಅವರು ಏನೆಂದು ಉತ್ತರಿಸಬಹುದಿತ್ತು? ಸಂದೇಶದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ಕಡೆಯೆಲ್ಲ, ಇದಕ್ಕೆ ತಾರೀಖಿನಲ್ಲೋ ಹೌದು, ಇಲ್ಲ ಎಂದೋ ಉತ್ತರ ಕೊಡಲು ಸಾಧ್ಯವೇ ಎಂದು ನೋಡಿ. ಸಾಧ್ಯವಿಲ್ಲದಿದ್ದರೆ ಆ ವಾಕ್ಯ ಹೋಗಲಿ. ಗಾದೆಗಳೂ ಇದೇ ಜಾತಿಗೆ ಸೇರಿದವು. ಮಾತಿನಲ್ಲಿ ಗಾದೆ ಚೆಂದ, ತಡವಾದ ಕೆಲಸದ ಸಂದೇಶದಲ್ಲಿ ಅದು ಎದುರಿನವರ ಹಣೆಗೆ ಚೀಟಿ ಅಂಟಿಸಿದಂತೆ.

ಇನ್ನು ಗುಣವನ್ನು ಹೇಳುವ ಮಾತುಗಳು: ಜವಾಬ್ದಾರಿ ಇಲ್ಲ, ಕಾಳಜಿ ಇಲ್ಲ, ಮಾತಿಗೆ ಬೆಲೆ ಇಲ್ಲ. ಇವು ನಿಮಗೆ ಕಂಡದ್ದಲ್ಲ, ಕಂಡದ್ದರಿಂದ ನೀವು ಊಹಿಸಿದ್ದು. ಪುಟ ಬಂದಿಲ್ಲ ಎಂಬುದು ಕಂಡದ್ದು, ಅಷ್ಟನ್ನೇ ಉಳಿಸಿ. ಇಲ್ಲಿ ಕನ್ನಡ ನಮಗೊಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ‘ನೀವು ಪುಟಗಳನ್ನು ಕಳುಹಿಸಿಲ್ಲ’ ಎನ್ನುವ ಬದಲು ‘ಪುಟಗಳು ನನಗೆ ಬಂದಿಲ್ಲ’ ಎಂದರೆ ವಾಕ್ಯ ಸ್ವಲ್ಪವೂ ಕೃತಕವಾಗುವುದಿಲ್ಲ. ಅದು ಹೆಚ್ಚು ನಿಖರವೂ ಹೌದು, ಏಕೆಂದರೆ ಅವರು ಕಳುಹಿಸಿದ ಇಮೇಲ್ ದೊಡ್ಡ ಕಡತದಿಂದಾಗಿ ನಡುವೆ ನಿಂತಿರಲೂಬಹುದು. ನನಗೆ ಗೊತ್ತಿರುವುದು ಬಂದಿಲ್ಲ ಎನ್ನುವುದು ಮಾತ್ರ.

ಐದನೆಯದು: ಉಳಿದದ್ದನ್ನು ಜೋಡಿಸಿ

ಮುಳ್ಳು ತೆಗೆದ ಮೇಲೆ ನನ್ನ ಮೂಲ ಕರಡಿನಲ್ಲಿ ಉಳಿದದ್ದು ಬುಧವಾರ ಎಂಬ ಒಂದೇ ಪದ. ಉಳಿದದ್ದೆಲ್ಲ ದಾಖಲೆಯಿಂದ, ಲೆಕ್ಕದಿಂದ ಬಂದಿತು. ಕೊನೆಗೆ ಕಳುಹಿಸಿದ್ದು ಇದು:

> ನಮಸ್ಕಾರ. ಸ್ಮರಣ ಸಂಚಿಕೆಯ 1ರಿಂದ 64ರವರೆಗಿನ ಪುಟಗಳು ನವೆಂಬರ್ 4ರಂದು ತಲುಪಿವೆ. 65ರಿಂದ 112ರವರೆಗಿನ 48 ಪುಟಗಳು ಇಂದು ರಾತ್ರಿ 9ರವರೆಗೆ ಬಂದಿಲ್ಲ. ಇವುಗಳಿಗೆ ನಾವು ಗೊತ್ತು ಮಾಡಿಕೊಂಡ ದಿನ ಬುಧವಾರ, 5ನೇ ತಾರೀಖು. ಇವುಗಳಲ್ಲಿ ಫೋಟೋ ಪುಟಗಳ (97–112) ಶೀರ್ಷಿಕೆಗಳನ್ನು ನಾನು 2ರ ಬದಲು 4ರ ರಾತ್ರಿ ಕಳುಹಿಸಿದ್ದೆ.
>
> ಕಡತ 14ರ ಬೆಳಿಗ್ಗೆ ಪ್ರೆಸ್‌ಗೆ ಹೋಗಬೇಕು. ಕರಡು ತಿದ್ದಲು ಎರಡು ದಿನ, ತಿದ್ದುಪಡಿಗೆ ಒಂದು ದಿನ ಬೇಕು. ಆದ್ದರಿಂದ ಎಲ್ಲ ಪುಟಗಳು ಸೋಮವಾರ 10ರ ಸಂಜೆ 6 ಗಂಟೆಯೊಳಗೆ ನನಗೆ ಬೇಕು.
>
> 65–96 ಯಾವಾಗ ಸಿಗುತ್ತದೆ, 97–112 ಯಾವಾಗ ಸಿಗುತ್ತದೆ ಎಂದು ನಾಳೆ ಬೆಳಿಗ್ಗೆ 11ರೊಳಗೆ ತಿಳಿಸಿ. ನನ್ನಿಂದ ಏನಾದರೂ ಬರಬೇಕಿದ್ದರೆ ಅದನ್ನೂ ತಿಳಿಸಿ.

ಬಂದದ್ದನ್ನು ಮೊದಲು ಹೇಳಿರುವುದು ಸಮಾಧಾನಪಡಿಸಲು ಅಲ್ಲ, ಯಾವ ಪುಟಗಳ ಬಗ್ಗೆ ಮಾತು ಎಂದು ಗಡಿ ಹಾಕಲು. ನನ್ನ ತಡವನ್ನು ಒಂದೇ ವಾಕ್ಯದಲ್ಲಿ, ಕ್ಷಮೆಯ ಉದ್ದದ ಮಾತಿಲ್ಲದೆ ಹೇಳಿದ್ದೇನೆ. ಅದನ್ನು ಬಿಟ್ಟಿದ್ದರೆ ಅವರ ಉತ್ತರ ಅಲ್ಲಿಂದಲೇ ಶುರುವಾಗುತ್ತಿತ್ತು, ಪುಟಗಳ ಮಾತು ಹಿಂದೆ ಬೀಳುತ್ತಿತ್ತು. ಎರಡು ಗಡುವುಗಳಿವೆ: ಪುಟಗಳಿಗೆ ಒಂದು, ಉತ್ತರಕ್ಕೆ ಒಂದು. ಉತ್ತರಕ್ಕೂ ಹೊತ್ತು ಗೊತ್ತು ಮಾಡದಿದ್ದರೆ ಸೋಮವಾರ ಸಂಜೆಯವರೆಗೆ ಕತ್ತಲಲ್ಲಿ ಕಾಯಬೇಕಾಗುತ್ತದೆ.

ಕಳುಹಿಸುವ ಮುನ್ನ ಎರಡು ಪರೀಕ್ಷೆ

ಸಂದೇಶವನ್ನು ಗಟ್ಟಿಯಾಗಿ ಓದಿ. ಓದುವಾಗ ಯಾವುದಾದರೂ ಪದದ ಮೇಲೆ ಧ್ವನಿ ತಾನಾಗಿ ಏರಿದರೆ ಅಲ್ಲಿ ಸಿಟ್ಟು ಉಳಿದಿದೆ. ಇದು ಕಣ್ಣಿನಿಂದ ಓದಿದಾಗ ಸಿಗುವುದಿಲ್ಲ.

ಎರಡನೆಯದಾಗಿ, ಇದು ಯಾವ ಜಾಗಕ್ಕೆ ಹೋಗುತ್ತಿದೆ ಎಂದು ನೋಡಿ. ನಮ್ಮ ಸಂಚಿಕೆಗೊಂದು ವಾಟ್ಸ್‌ಆ್ಯಪ್ ಗುಂಪಿತ್ತು, ಅಧ್ಯಕ್ಷರೂ ನಿರ್ದೇಶಕರೂ ಅದರಲ್ಲಿದ್ದರು. ಅಲ್ಲಿ ಹಾಕಿದ್ದರೆ ಪ್ರತಿ ಅಕ್ಷರ ನಿಷ್ಪಕ್ಷವಾಗಿದ್ದರೂ ಅದು ಹತ್ತು ಜನರ ಎದುರು ನಿಲ್ಲಿಸಿ ಕೇಳಿದಂತೆ ಆಗುತ್ತಿತ್ತು. ಮೊದಲ ಸಂದೇಶ ಖಾಸಗಿಯಾಗಿ ಹೋಗಲಿ. ತಡದ ಪರಿಣಾಮ ಬೇರೆಯವರಿಗೂ ತಟ್ಟುವುದಾದರೆ ಅವರಿಗೆ ಬೇರೆಯಾಗಿ ತಿಳಿಸಿ. ನಾನು ಕರಡು ತಿದ್ದುವವರಿಗೆ ‘ಪುಟಗಳು ಸೋಮವಾರ ಸಂಜೆ ಬರುವ ಸಾಧ್ಯತೆ ಇದೆ, 11 ಮತ್ತು 12ನ್ನು ಖಾಲಿ ಇಟ್ಟುಕೊಳ್ಳಿ’ ಎಂದಷ್ಟೇ ಬರೆದೆ, ಯಾರಿಂದ ತಡ ಎಂದು ಬರೆಯಲಿಲ್ಲ.

ನಿಷ್ಪಕ್ಷತೆ ಅತಿಯಾದಾಗ

ಈ ಕ್ರಮವನ್ನು ಕಲಿತವರು ಎರಡು ಕಡೆ ಎಡವುತ್ತಾರೆ. ಕೆಲವರು ಮುಳ್ಳಿನ ಜೊತೆ ತಿರುಳನ್ನೂ ತೆಗೆದುಬಿಡುತ್ತಾರೆ: ‘ಬಿಡುವಾಗಿದ್ದಾಗ ಒಮ್ಮೆ ಪುಟಗಳ ಕಡೆ ನೋಡಿದರೆ ಒಳ್ಳೆಯದಿತ್ತು, ತೊಂದರೆ ಇಲ್ಲ.’ ತೊಂದರೆ ಇದೆ. ತಾರೀಖು ಮೀರಿದೆ ಎಂಬುದನ್ನು ಮುಚ್ಚಿಟ್ಟರೆ ಅದು ಸುಳ್ಳು, ಆ ಸುಳ್ಳನ್ನು ನಂಬಿ ಅವರು ಬೇರೆ ಕೆಲಸವನ್ನು ಮುಂದೆ ಹಾಕಿಕೊಂಡರೆ ತಪ್ಪು ನಮ್ಮದು. ಗಡುವಿನ ದಿನ, ಇಂದಿನ ದಿನ, ಬೇಕಾದ ದಿನ ಈ ಮೂರೂ ಸಂದೇಶದಲ್ಲಿ ಇವೆಯೇ ಎಂದು ನೋಡಿದರೆ ಈ ದೋಷ ತಿಳಿಯುತ್ತದೆ.

ಇನ್ನು ಕೆಲವರ ಸಂದೇಶ ವಕೀಲರ ನೋಟಿಸಿನಂತೆ ಆಗುತ್ತದೆ: ‘ದಿನಾಂಕ 5ರಂದು ಸಲ್ಲಿಸಬೇಕಾಗಿದ್ದು ಸಲ್ಲಿಸದೇ ಇರುವುದು ಗಮನಕ್ಕೆ ಬಂದಿರುತ್ತದೆ.’ ಇದರಲ್ಲಿ ಕೊಂಕಿಲ್ಲ, ಆದರೆ ದಿನವೂ ಮಾತನಾಡುವವರ ನಡುವೆ ಇಂಥ ಕಚೇರಿ ಕನ್ನಡ ಬಾಗಿಲು ಹಾಕಿದ ಸದ್ದು ಮಾಡುತ್ತದೆ. ‘ನಮಸ್ಕಾರ’ ಎಂದು ಶುರುಮಾಡಿ, ಅವರೊಂದಿಗೆ ಎಂದಿನಂತೆ ಬಳಸುವ ಪದಗಳಲ್ಲೇ ಬರೆದರೆ ಸಾಕು.

ಉತ್ತರ ಬರದೇ ಹೋದರೆ ಎರಡನೆಯ ಸಂದೇಶವನ್ನು ಮೊದಲಿನದಕ್ಕಿಂತ ಜೋರಾಗಿ ಬರೆಯುವ ಆಸೆಯಾಗುತ್ತದೆ. ಜೋರಿನ ಬದಲು ನಿಮ್ಮ ಮುಂದಿನ ಹೆಜ್ಜೆಯನ್ನು ಸೇರಿಸಿ. ನಾನು ಬರೆದಿಟ್ಟುಕೊಂಡಿದ್ದು ಹೀಗಿತ್ತು: ‘ಶುಕ್ರವಾರದ ಸಂದೇಶಕ್ಕೆ ಉತ್ತರ ಸಿಕ್ಕಿಲ್ಲ. ಮಧ್ಯಾಹ್ನ 2ರೊಳಗೆ ತಿಳಿಯದಿದ್ದರೆ 65–96ನ್ನು ಬೇರೆಯವರಿಂದ ಮಾಡಿಸುತ್ತೇನೆ, ಮೂಲ ಕಡತಗಳನ್ನು ಆಗ ಕಳುಹಿಸಿಕೊಡಿ.’ ನಿಜವಾಗಿ ಮಾಡಲು ಸಿದ್ಧವಿರುವ ಹೆಜ್ಜೆಯನ್ನು ಮಾತ್ರ ಬರೆಯಬೇಕು. ಬೇರೆಯವರನ್ನು ಗೊತ್ತು ಮಾಡದೆ ಹೀಗೆ ಬರೆದರೆ ಅದು ಮತ್ತೆ ಬೆದರಿಕೆಯೇ, ಆದ್ದರಿಂದ ಆ ರಾತ್ರಿಯೇ ಇನ್ನೊಬ್ಬರನ್ನು ಕೇಳಿ ಒಪ್ಪಿಸಿದ್ದೆ.

ಅದನ್ನು ಕಳುಹಿಸುವ ಅಗತ್ಯ ಬೀಳಲಿಲ್ಲ. ಶನಿವಾರ ಬೆಳಿಗ್ಗೆ 8.15ಕ್ಕೆ ಉತ್ತರ ಬಂತು. 65ರಿಂದ 96ರವರೆಗಿನ ಲೇಖನಗಳು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿದ್ದವಂತೆ, ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳೂ ಅರ್ಕಾವತ್ತುಗಳೂ ಚದುರಿಹೋಗಿ, ಒಂದೊಂದನ್ನೇ ಕೈಯಿಂದ ಸರಿಪಡಿಸುತ್ತಿದ್ದರು. ಎರಡು ದಿನ ಮೊದಲೇ ತಿಳಿಸಬೇಕಿತ್ತು ಎಂದು ಅವರೇ ಬರೆದಿದ್ದರು. ಒಂದು ಫಾರಂ ಅಂದೇ ಸಂಜೆ, ಇನ್ನೆರಡು ಸೋಮವಾರ ಮಧ್ಯಾಹ್ನ ಎಂದು ಹೊತ್ತು ಹೇಳಿದ್ದರು. ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆ ಇತ್ತು: 103ನೇ ಪುಟದ ಗುಂಪು ಚಿತ್ರದಲ್ಲಿ ಹನ್ನೊಂದು ಜನರಿದ್ದಾರೆ, ನಾನು ಕಳುಹಿಸಿದ ಶೀರ್ಷಿಕೆಯಲ್ಲಿ ಹತ್ತು ಹೆಸರುಗಳಿವೆ, ಎಡದಿಂದ ನಾಲ್ಕನೆಯವರು ಯಾರು? ಹಳೆಯ ಆಲ್ಬಂ ಹುಡುಕಲು ನಾನು ಅಟ್ಟ ಹತ್ತಿದೆ.